ಸೊನ್ನಿ ಬರೀಲೇನು, ಹಂಗ ಬಿಡ್ಲೇನು?

ಜೂನ್ ತಿಂಗಳ ಒಂದು ಬೆಳಿಗ್ಗೆ ಆಫೀಸಿನ ಮೀಟಿಂಗ್ ಶುರುವಾಗುವ ಹೊತ್ತಿಗೆ ಮುಶಿಗೇರಿಯಿಂದ ಅಣ್ಣನ ಮಗಳ ವಾಯ್ಸ್ ಮೆಸೇಜ್ ಬಂತು. "ಕಾಕಾ, ಇವತ್ತ ಬಾಟ್ಲ್ಯಾಗ ಏನೂ ಇಲ್ಲ. ಸೊನ್ನಿ ಬರೀಲೇನು, ಹಂಗ ಬಿಡ್ಲೇನು?"

ಎಂಟನೇ ಕ್ಲಾಸಿನ ಹುಡುಗಿ. ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಏನಾದ್ರೂ ಹೇಳು ಅಂತ ಕೇಳಿದ್ದಳು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸೋದು ಅವಳ ಮೊದಲ ಆಸೆ. ಆದರೆ ಮಾಗಡಿ ಇರೋದು ಶಿರಹಟ್ಟಿ ತಾಲ್ಲೂಕಿನಲ್ಲಿ. ನಮ್ಮೂರಿಂದ ವಾರವಾರ ಹೋಗಿ ಬರೋದು ಆಗದ ಮಾತು. ಒಂದೇ ಸಲ ಹೋಗಿ ಎಣಿಸಿದರೆ ಅದು ಪಿಕ್ನಿಕ್ ಆಗುತ್ತದೆ, ದಾಖಲೆ ಆಗೋದಿಲ್ಲ. ಮಳೆ ಹಾಗಲ್ಲ, ಅದು ಅಂಗಳಕ್ಕೇ ಬರುತ್ತದೆ. ಶಾಲೆಯ ಮೊದಲ ಅವಧಿಯೂ ಜೂನ್‌ನಿಂದ ದಸರಾ ರಜೆಯವರೆಗೆ, ಅಂದ್ರೆ ಹೆಚ್ಚುಕಡಿಮೆ ಪೂರಾ ಮಳೆಗಾಲ. ಹಾಗಾಗಿ ದಿನಾ ಮಳೆ ಅಳೆಯೋದು ಅಂತ ಆಯ್ತು.

ಸಲಕರಣೆ ದೊಡ್ಡದೇನಲ್ಲ. ಎಣ್ಣೆ ಸುರಿಯುವ ಪ್ಲಾಸ್ಟಿಕ್ ಆಲಿಕೆ, ಆದಷ್ಟು ಆಳ ಇರೋದು. ಚಪ್ಪಟೆ ಆಲಿಕೆಯಾದರೆ ದಪ್ಪ ಹನಿ ಬಡಿದು ಹೊರಗೆ ಸಿಡಿಯುತ್ತವೆ. ಅದರ ಕೆಳಗೆ ಎರಡು ಲೀಟರಿನ ಬಾಟಲಿ. ಬಾಟಲಿ ಎಂಥದಾದರೂ ನಡೆಯುತ್ತದೆ, ಯಾಕಂದ್ರೆ ಲೆಕ್ಕ ನಿಂತಿರೋದು ಆಲಿಕೆಯ ಬಾಯಿಯ ಮೇಲೆ. ಬಾಯಿಯ ಒಳ ಅಳತೆ, ಈ ಅಂಚಿನಿಂದ ಆ ಅಂಚಿಗೆ, 10 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 78.5 ಚದರ ಸೆಂ.ಮೀ. ಬೆಳಿಗ್ಗೆ ಬಾಟಲಿಯಲ್ಲಿ 96 ಮಿಲಿಲೀಟರ್ ನೀರು ಸಿಕ್ಕಿತು ಅಂತ ಇಟ್ಕೊಳ್ಳಿ. ಅದನ್ನು 10ರಿಂದ ಗುಣಿಸಿ 78.5ರಿಂದ ಭಾಗಿಸಿದರೆ 12.2 ಮಿಲಿಮೀಟರ್ ಮಳೆ. ನೀರು ಅಳೆಯೋಕೆ ಶಾಲೆಯ ಪ್ರಯೋಗಾಲಯದ ಅಳತೆಯ ಜಾಡಿ ಇದ್ದರೆ ಚಲೋ, ಇಲ್ಲದಿದ್ದರೆ ಔಷಧಿ ಅಂಗಡಿಯ ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್ ಸಾಕು.

ಇಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಫೋನಿನಲ್ಲಿ "ಆಲಿಕೆ ಎಷ್ಟು ಅಗಲ ಐತಿ" ಅಂತ ಕೇಳಿದೆ, ಅವಳು ಹೊರ ಅಂಚಿನಿಂದ ಅಳೆದು 11 ಅಂದಳು. ಒಂದೇ ಸೆಂಟಿಮೀಟರ್ ಫರಕು. ಆದರೆ 11 ಅಂತ ಹಿಡಿದರೆ ವಿಸ್ತೀರ್ಣ 95 ಆಗುತ್ತದೆ, ಅದೇ 96 ಮಿ.ಲೀ. ನೀರು ಬರೀ 10.1 ಮಿ.ಮೀ. ಮಳೆ ಅನ್ನಿಸಿಕೊಳ್ಳುತ್ತದೆ. ಆರರಲ್ಲಿ ಒಂದು ಪಾಲು ಮಳೆ ಕಾಗದದ ಮೇಲೇ ಆರಿಹೋಯಿತು! ಪುಣ್ಯಕ್ಕೆ ಅವಳು ವಹಿಯಲ್ಲಿ ಮಿಲಿಲೀಟರನ್ನೂ ಬರೆದಿಟ್ಟಿದ್ದಳು, ಹಾಗಾಗಿ ಹಿಂದಿನ ಎಲ್ಲ ದಿನಗಳನ್ನೂ ಹತ್ತು ನಿಮಿಷದಲ್ಲಿ ಸರಿ ಮಾಡಿದೆವು. ಲೆಕ್ಕ ಹಾಕಿದ ಮಿಲಿಮೀಟರ್ ಮಾತ್ರ ಬರೆದಿದ್ದರೆ ತಪ್ಪು ಎಲ್ಲಿ ನುಸುಳಿತು ಅನ್ನೋದೇ ತಿಳೀತಿರಲಿಲ್ಲ. ವಹಿಯಲ್ಲಿ ಕಣ್ಣಿಗೆ ಕಂಡ ಅಳತೆಗೆ ಒಂದು ಕಾಲಂ, ಲೆಕ್ಕಕ್ಕೆ ಇನ್ನೊಂದು ಕಾಲಂ ಇರಲಿ.

ಜಾಗದ ವಿಷಯದಲ್ಲೂ ಒಂದು ವಾರ ಹೋಯಿತು. ಆಡು, ನಾಯಿ ಮುಟ್ಟಬಾರದು ಅಂತ ಅಣ್ಣ ಬಾಟಲಿಯನ್ನು ಬೇವಿನ ಗಿಡದ ಬುಡದಲ್ಲಿ ಇಟ್ಟಿದ್ದ. ಗಿಡದ ಕೆಳಗೆ ಮಳೆ ನಿಂತ ಮೇಲೂ ಹನಿ ಬೀಳುತ್ತವೆ, ಸಣ್ಣ ಮಳೆಯಲ್ಲಿ ಎಲೆಗಳೇ ನೀರು ಹಿಡ್ಕೋತಾವೆ. ಗಿಡ ಅಥವಾ ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಆಲಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಬೇಕು, ಹವಾಮಾನ ಇಲಾಖೆಯ ಮಾಪಕಗಳಿಗೂ ಅದೇ ಎತ್ತರ. ಅದಕ್ಕಿಂತ ಕೆಳಗಿದ್ದರೆ ನೆಲದ ನೀರು ಸಿಡಿದು ಒಳಗೆ ಬರುತ್ತದೆ. ಮಾಳಿಗೆ ಮೇಲಿಟ್ಟರೆ ಗಾಳಿ ಹನಿಗಳನ್ನು ಆಲಿಕೆಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ, ಅಳತೆ ಕಡಿಮೆ ಬರುತ್ತದೆ. ಕೊನೆಗೆ ಅಂಗಳದ ನಡುವೆ ಮುಳ್ಳಿನ ಬೇಲಿ ಹಾಕಿ ಇಟ್ಟರು.

ಈಗ ಸೊನ್ನೆಯ ಮಾತಿಗೆ ಬರ್ತೀನಿ. ಕೋಡ್ ಬರೆಯುವವರಿಗೆ `NULL` ಬೇರೆ, `0` ಬೇರೆ ಅಂತ ಗೊತ್ತು. ಅದನ್ನು ಮರೆತು ಆಫೀಸಿನಲ್ಲಿ ಬೈಸಿಕೊಂಡವರಲ್ಲಿ ನಾನೂ ಒಬ್ಬ. ಮಳೆಯ ವಹಿಯಲ್ಲಿ ಸೊನ್ನೆ ಅಂದ್ರೆ "ನಾನು ಹೋಗಿ ನೋಡಿದೆ, ನೀರಿರಲಿಲ್ಲ" ಅಂತ. ಖಾಲಿ ಬಿಟ್ಟರೆ "ನಾನು ನೋಡಲಿಲ್ಲ" ಅಂತ. ತಿಂಗಳ ಮೊತ್ತ ಹಾಕುವಾಗ ಎರಡೂ ಒಂದೇ ಥರ ಕಾಣುತ್ತವೆ. ಆದರೆ ನಮ್ಮ ಕಡೆ ಎರೆ ಭೂಮಿಯ ರೈತರು ಕೇಳುವ ಪ್ರಶ್ನೆ ಮೊತ್ತದ್ದಲ್ಲ. ಮಳೆ ಹೋಗಿ ಎಷ್ಟು ದಿನ ಆಯ್ತು, ಹೆಸರು ಹೂವಿಗೆ ಬಂದಾಗ ನಡುವೆ ಎಷ್ಟು ದಿನ ಒಣಗಿತು ಅನ್ನೋದು ಅವರ ಪ್ರಶ್ನೆ. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆಯ ದಿನ ಅಂತ ಎಣಿಸುತ್ತದೆ, ನಮ್ಮ ಆಲಿಕೆಯಲ್ಲಿ ಅದು ಸುಮಾರು 20 ಮಿ.ಲೀ. ಹತ್ತು ದಿನ ಮಳೆ ಇಲ್ಲ ಅಂತ ವಹಿ ಹೇಳುತ್ತದೆ, ಆದರೆ ಅದರಲ್ಲಿ ಮೂರು ದಿನ ಯಾರೂ ನೋಡೇ ಇಲ್ಲ ಅಂದ್ರೆ ಆ ಹತ್ತು ಅನ್ನೋ ಅಂಕಿಗೆ ಬೆಲೆಯೇ ಇಲ್ಲ.

ಭಾನುವಾರ ಇದೇ ತೊಂದರೆಯ ಇನ್ನೊಂದು ರೂಪ. ಮಾಪಕ ಶಾಲೆಯಲ್ಲೇ ಇದ್ದರೆ ಭಾನುವಾರ ನೋಡೋರಿಲ್ಲ. ಸೋಮವಾರದ ನೀರಿನಲ್ಲಿ ಎರಡು ದಿನದ ಮಳೆ ಸೇರಿರುತ್ತದೆ. ಮಕ್ಕಳು ಅದನ್ನು ಅರ್ಧರ್ಧ ಹಂಚಿಬಿಡ್ತಾರೆ, ನೋಡೋಕೆ ಚೆಂದ ಕಾಣುತ್ತದೆ ಅಂತ. ಹಾಗೆ ಮಾಡೋದು ಬೇಡ. ಭಾನುವಾರ ಖಾಲಿ ಬಿಟ್ಟು, ಸೋಮವಾರದ ಮುಂದೆ "2 ದಿನದ್ದು" ಅಂತ ಬರೆದರೆ ಸಾಕು. ಬಾಟಲಿ ಒದ್ದೆ ಇದೆ, ಆದರೆ ಅಳೆಯುವಷ್ಟು ನೀರಿಲ್ಲ ಅಂದ್ರೆ "ಹನಿ" ಅಂತ ಬರೀಬೇಕು. ಅದು ಸೊನ್ನೆ ಅಲ್ಲ.

ಅಳೆಯುವ ಹೊತ್ತು ಬೆಳಿಗ್ಗೆ 8.30. ದೇಶದ ಎಲ್ಲ ಮಳೆ ಕೇಂದ್ರಗಳ ದಿನ ಅಲ್ಲಿಗೆ ಮುಗಿಯುತ್ತದೆ. 11ರ ಸಂಜೆ ಬಿದ್ದ ಮಳೆಯನ್ನು 12ರ ಬೆಳಿಗ್ಗೆ ಅಳೆದು, 12ನೇ ತಾರೀಖಿನ ಮುಂದೆ ಬರೀತಾರೆ. ಇದು ಮಕ್ಕಳಿಗೆ ವಿಚಿತ್ರ ಅನ್ನಿಸುತ್ತದೆ, ಯಾಕಂದ್ರೆ ಅವರು ನೆನೆದದ್ದು 11ಕ್ಕೆ! ಶಾಲೆ ಶುರುವಾಗೋದು ಅದಕ್ಕಿಂತ ತಡವಾಗಿ, ಹಾಗಾಗಿ ಶಾಲೆ ಪಕ್ಕದ ಮನೆಯ ಹುಡುಗ ಹುಡುಗಿಯರ ಕೈಗೆ ಈ ಕೆಲಸ ಕೊಡೋದು ಒಳ್ಳೇದು.

ಬರೆದದ್ದು ಸರಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಕರ್ನಾಟಕದಲ್ಲಿ ಇದಕ್ಕೊಂದು ಅನುಕೂಲ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲೇ ತಾನಾಗಿ ಅಳೆದು ಕಳಿಸುವ ಮಳೆ ಮಾಪಕಗಳನ್ನು ನಿಲ್ಲಿಸಿದೆ. ಅದರ ಅಂಕಿಯನ್ನೂ ವಹಿಯಲ್ಲಿ ಇನ್ನೊಂದು ಕಾಲಂ ಮಾಡಿ ಬರೆದುಕೊಳ್ಳಬಹುದು. ದಿನದಿನದ ಅಂಕಿ ಹೊಂದೋದಿಲ್ಲ, ಅದಕ್ಕೆ ಗಾಬರಿ ಬೇಡ. ಗುಡುಗಿನ ಮಳೆ ಹಳ್ಳದ ಈ ಕಡೆ ಬಿದ್ದು ಆ ಕಡೆ ಬೀಳದೇ ಇರೋದು ನಮಗೆ ಹೊಸದಲ್ಲ. ನೋಡಬೇಕಾದ್ದು ಜೂನ್ 1ರಿಂದ ಕೂಡಿಸುತ್ತಾ ಬಂದ ಮೊತ್ತ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಪಂಚಾಯತಿಯ ಮೊತ್ತ, ಉದ್ದಕ್ಕೆ ನಮ್ಮ ಮೊತ್ತ ಹಾಕಿ ವಾರಕ್ಕೊಂದು ಚುಕ್ಕೆ ಇಟ್ಟರೆ ಹೆಚ್ಚುಕಡಿಮೆ ನೇರ ಗೆರೆ ಬರಬೇಕು. ಗೆರೆ ಒಂದು ವಾರದಿಂದ ಬಾಗಿ ಆಮೇಲೆ ಬೇರೆ ದಿಕ್ಕಿನಲ್ಲೇ ಹೊರಟರೆ ಆ ವಾರ ಏನೋ ಬದಲಾಗಿದೆ ಅಂತ ಅರ್ಥ. ಯಾರೋ ಬಾಟಲಿ ಸರಿಸಿದ್ದಾರೆ, ಆಲಿಕೆ ಬದಲಾಗಿದೆ, ಇಲ್ಲ ಅಳೆಯುವ ಹುಡುಗ ಬದಲಾಗಿದ್ದಾನೆ. ಸರ್ಕಾರಿ ಮಾಪಕವೇ ತಪ್ಪಿರಬಹುದು ಅನ್ನೋದನ್ನೂ ಮರೀಬಾರದು. ಧೂಳು, ಕಸ ಕಟ್ಟಿಕೊಂಡರೆ ಅದೂ ಕಡಿಮೆ ತೋರಿಸುತ್ತದೆ. ಎಲ್ಲ ದಿನಗಳೂ ಒಂದೊಂದು ದಿನ ಹಿಂದೆ ಮುಂದೆ ಆಗಿದ್ದರೆ ಮಾತ್ರ ಅದು ಆ 11-12ರ ತಾರೀಖಿನ ಗೊಂದಲವೇ.

ಮನೆಯಲ್ಲಿ ಕೂತು ಬರೆದ ಅಂಕಿಗಳೂ ಸಿಕ್ಕಿಬೀಳ್ತವೆ. ಮಿಲಿಲೀಟರ್ ಕಾಲಂ ತುಂಬಾ 20, 35, 50, 100 ಇದ್ದರೆ ಅನುಮಾನ ಪಡಿ. ನಿಜವಾದ ಮಳೆ 5ರ ಮಗ್ಗಿ ಕಲಿತಿರೋದಿಲ್ಲ.

ಒಂದು ಬಾಟಲಿ ಒಂದು ಅಂಗಳದ ಮಳೆಯನ್ನಷ್ಟೇ ಹೇಳುತ್ತದೆ. ಅಮೆರಿಕದ ಫೋರ್ಟ್ ಕಾಲಿನ್ಸ್‌ನಲ್ಲಿ 1997ರ ಜುಲೈನಲ್ಲಿ ಊರಿನ ಒಂದು ಭಾಗಕ್ಕೆ ಕೆಲವೇ ತಾಸಿನಲ್ಲಿ ಒಂದು ಅಡಿಗಿಂತ ಹೆಚ್ಚು ಮಳೆ ಸುರಿದು ಪ್ರವಾಹ ಬಂತು, ಬೇರೆ ಭಾಗಗಳಲ್ಲಿ ಸಾಧಾರಣ ಮಳೆ. ಮರುವರ್ಷ ಅಲ್ಲಿನ ಹವಾಮಾನ ತಜ್ಞರು ಕೆಲವು ಹೈಸ್ಕೂಲ್ ಮಕ್ಕಳನ್ನು ಸೇರಿಸಿಕೊಂಡು ಮನೆಮನೆಯಲ್ಲಿ ಮಳೆ ಅಳೆಯುವ ಕೊಕೊರಾಸ್ ಅನ್ನೋ ಜಾಲ ಶುರು ಮಾಡಿದರು. ಈಗ ಅದು ಆ ದೇಶದ ತುಂಬಾ ಹರಡಿದೆ. ಅವರೂ ತಮ್ಮವರಿಗೆ ಸೊನ್ನೆಯನ್ನೂ ಕಳಿಸಿ ಅಂತಲೇ ಬೇಡಿಕೊಳ್ಳೋದು. ನಮ್ಮೂರಲ್ಲಿ ಇದನ್ನು ಮಾಡೋಕೆ ಒಂದೇ ಅಂಗಡಿಯ ಒಂದೇ ನಮೂನೆಯ ಐದು ಆಲಿಕೆ ಸಾಕು. ಊರಿನ ನಾಲ್ಕು ದಿಕ್ಕಿನ ನಾಲ್ಕು ಮನೆ, ನಡುವೆ ಶಾಲೆ. ಬೆಳೆ ವಿಮೆಗೆ ಈ ವಹಿ ಸಾಕ್ಷಿ ಆಗೋದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಇಲ್ಲಾಂದ್ರೆ ಊರ ಹಿರಿಯರು ಆಸೆ ಇಟ್ಕೊಂಡುಬಿಡ್ತಾರೆ.

ಮೊತ್ತವನ್ನು ತಿಂಗಳಿನ ಪ್ರಕಾರ ಹಾಕೋದಕ್ಕಿಂತ ಮಳೆ ನಕ್ಷತ್ರದ ಪ್ರಕಾರ ಹಾಕಿ ಅಂತ ನನ್ನ ಸಲಹೆ. ಮೃಗಶಿರಾ ಜೂನ್ 7-8ಕ್ಕೆ ಶುರು, ಅಲ್ಲಿಂದ ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೊಂದು. ಎರಡು ವಾರದ ಗುಂಪು ಲೆಕ್ಕಕ್ಕೆ ಹದವಾದ ಅಳತೆ, ಮೇಲಾಗಿ ಮನೆಯ ಅಜ್ಜನೂ ಚರ್ಚೆಗೆ ಕೂರ್ತಾನೆ. "ಈ ಸಲ ಮಘಾ ಮಳಿ ಚಲೋ ಆತು" ಅಂದಾಗ ಮೊಮ್ಮಗಳು ವಹಿ ತೆಗೀಬಹುದು.

ಆದರೆ ಈ ಪಟ್ಟಿಯಲ್ಲೇ ಒಂದು ತೂತು ಕಾಣುತ್ತದೆ. ಉತ್ತರಾ ಸೆಪ್ಟೆಂಬರ್ 13ರ ಹೊತ್ತಿಗೆ, ಹಸ್ತ 27ಕ್ಕೆ, ಚಿತ್ತಾ ಅಕ್ಟೋಬರ್ 10ರ ಸುಮಾರಿಗೆ. ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತನೆ ನಿಂತಿರೋದೇ ಈ ಮಳೆಗಳ ಮೇಲೆ. ದಸರಾ ರಜೆ ಬೀಳೋದೂ ಆಗಲೇ! ಜೂನ್‌ನಿಂದ ಸೊನ್ನೆ ಬರೆದ ವಹಿ, ಊರಿಗೆ ಬೇಕಾದ ಮಳೆ ಬರುವಾಗ ಬೀರುವಿನೊಳಗೆ ಇರುತ್ತದೆ.

ಪೂರ್ತಿ ಪರಿಹಾರ ಇಲ್ಲ. ಶಾಲೆಯ ಬಾಟಲಿಗೆ ರಜೆಯ ಹಿಂದಿನ ದಿನ 10 ಮಿ.ಲೀ. ಅಡುಗೆ ಎಣ್ಣೆ ಹಾಕಿಟ್ಟರೆ ಅದು ನೀರಿನ ಮೇಲೆ ಪದರವಾಗಿ ನಿಂತು ಆರಿಹೋಗದಂತೆ ತಡೆಯುತ್ತದೆ. ಎರಡು ಲೀಟರಿನ ಬಾಟಲಿ ನಮ್ಮ ಆಲಿಕೆಗೆ ಸುಮಾರು 250 ಮಿ.ಮೀ. ಮಳೆ ಹಿಡಿಯುತ್ತದೆ. ಶಾಲೆ ತೆರೆದ ದಿನ ಅಳೆದು 10 ಕಳೆದರೆ ರಜೆಯ ಒಟ್ಟು ಮಳೆ ಸಿಗುತ್ತದೆ. ಯಾವ ದಿನ ಎಷ್ಟು ಅನ್ನೋದು ಸಿಗೋದಿಲ್ಲ. ಅದಕ್ಕೆ ಮನೆಯ ಮಾಪಕಗಳೇ ಬೇಕು.

ಇದನ್ನು ಫೋನಿನಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ರಜೆಗೆ ಅವಳು ಹೋಗೋದು ಅಜ್ಜಿ ಊರಿಗೆ. "ಅಪ್ಪಗ ಹೇಳ್ತೀನಿ ಬಿಡು ಕಾಕಾ" ಅಂದಳು. "ಆದ್ರ ಅಪ್ಪಾ ನೀರಿಲ್ಲಂದ್ರ ಏನೂ ಬರಿಯಂಗಿಲ್ಲ ನೋಡು. ಅವಂಗ ಸೊನ್ನಿ ಬರಿ ಅಂತ ನೀನ ಒಂದು ಸಲ ಹೇಳು."