ಕ್ಲಿಕ್ ಜಾಸ್ತಿ ಬಂದರೆ ಲಾಭವೂ ಜಾಸ್ತಿಯೇ?

ಆನ್‌ಲೈನ್‌ನಲ್ಲಿ ಮೊದಲ ಸಲ ಜಾಹೀರಾತು ಹಾಕಿದ ಅಂಗಡಿಯವರು ಎಷ್ಟು ಜನ ಕ್ಲಿಕ್ ಮಾಡಿದರು ಎಂದಷ್ಟೇ ನೋಡುತ್ತಾರೆ. ಅದು ಅರ್ಧ ಲೆಕ್ಕ.

ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಎಲ್ಲ ಖರ್ಚು ಕಳೆದು ಸೀರೆಗೆ 200 ರೂಪಾಯಿ ಉಳಿಯುತ್ತದೆ. ತಲಾ 1,500 ರೂಪಾಯಿ ಕೊಟ್ಟು ಹಾಕಿದ ಎರಡು ಜಾಹೀರಾತುಗಳೂ 20,000 ಬಾರಿ ಕಾಣಿಸಿದವು.

ಮೊದಲನೆಯದರಲ್ಲಿ ‘ಭಾರೀ ರಿಯಾಯಿತಿ’ ಎಂದಿತ್ತು, ಬೆಲೆ ಇರಲಿಲ್ಲ. 600 ಕ್ಲಿಕ್ ಬಂದವು. ಕಾಣಿಸಿದ ನೂರು ಸಲಕ್ಕೆ 3 ಕ್ಲಿಕ್, ಇದೇ ಕ್ಲಿಕ್ ಥ್ರೂ ರೇಟ್. ಆದರೆ ಕೊಂಡವರು ಆರೇ ಮಂದಿ. ನೂರು ಕ್ಲಿಕ್‌ಗೆ ಒಂದು ಮಾರಾಟ, ಅಂದರೆ ಕನ್ವರ್ಷನ್ ರೇಟ್ ಶೇ. 1. ಇನ್ನು 1,500ನ್ನು 6ರಿಂದ ಭಾಗಿಸಿದರೆ ಒಬ್ಬ ಗ್ರಾಹಕರನ್ನು ತರಲು ಆದ ಖರ್ಚು 250 ರೂಪಾಯಿ. ಇದು ಕಾಸ್ಟ್ ಪರ್ ಅಕ್ವಿಸಿಷನ್. ಪ್ರತಿ ಸೀರೆಗೂ 50 ರೂಪಾಯಿ ನಷ್ಟ!

ಎರಡನೆಯದರಲ್ಲಿ ಬೆಲೆ ಬರೆದಿತ್ತು. ಬೆಲೆ ಒಗ್ಗದವರು ಒತ್ತಲೇ ಇಲ್ಲ, ಹಾಗಾಗಿ ಕ್ಲಿಕ್ 200 ಮಾತ್ರ, ಶೇ. 1. ಆದರೆ 10 ಸೀರೆ ಮಾರಾಟವಾದವು, ಶೇ. 5. ಗ್ರಾಹಕರೊಬ್ಬರಿಗೆ ಖರ್ಚು 150, ಸೀರೆಗೆ 50 ರೂಪಾಯಿ ಲಾಭ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ವರದಿಯಲ್ಲಿ CTR (all) ಎಂಬ ಅಂಕಿ ಲೈಕ್, ಕಾಮೆಂಟ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಲಿಂಕ್ ಕ್ಲಿಕ್‌ನದ್ದನ್ನೇ ನೋಡಿ.

ಕ್ಯಾಶ್ ಆನ್ ಡೆಲಿವರಿ ಇದ್ದರೆ ಪಾರ್ಸೆಲ್ ವಾಪಸ್ ಬರುವುದೂ ಉಂಟು. ಹತ್ತರಲ್ಲಿ ಎರಡು ಮರಳಿದರೆ 1,500ನ್ನು 8ರಿಂದ ಭಾಗಿಸಬೇಕು, ಖರ್ಚು 187.50ಕ್ಕೆ ಏರುತ್ತದೆ. ಎಂಟು ಸೀರೆಗೆ ಉಳಿಯುವ ಒಟ್ಟು 100 ರೂಪಾಯಿಯೂ ಹೋಗಿಬಂದ ಕೊರಿಯರ್‌ಗೇ ಸಾಲದು.