ಲಾಗಿನ್‌ವರೆಗೆ ಕನ್ನಡ, ಆಮೇಲೆ ಹಿಂದಿ

ತಿಪಟೂರಿನಲ್ಲಿರುವ ಅಮ್ಮ ಬಿ.ಪಿ. ಮಾತ್ರೆ ತರಿಸಿಕೊಳ್ಳುವುದು ಒಂದು ಆ್ಯಪ್‌ನಲ್ಲಿ. ಹೋದ ತಿಂಗಳು ಮಾತ್ರೆ ಬರಲೇ ಇಲ್ಲ. ಫೋನ್ ಮಾಡಿ ಕೇಳಿದರೆ, ‘ಎರಡು ಗುಂಡಿ ಬಂದವಪ್ಪ, ಎರಡೂ ಹಿಂದಿ. ಕೆಂಪಗಿದ್ದದ್ದು ಒತ್ತಿದೆ’ ಅಂದರು. ಕೆಂಪು ಗುಂಡಿ ‘ರದ್ದು ಮಾಡು’ ಎನ್ನುವುದಾಗಿತ್ತು. ಅಮ್ಮ ಏಳನೇ ತರಗತಿಯವರೆಗೆ ಓದಿದವರು, ದಿನಾ ಪತ್ರಿಕೆ ಓದುತ್ತಾರೆ, ಫೋನ್ ಪೂರ್ತಿ ಕನ್ನಡದಲ್ಲೇ ಇದೆ. ಆ ಒಂದು ಆ್ಯಪ್ ಮಾತ್ರ ಹಿಂದಿಯಲ್ಲಿ ಸಿಕ್ಕಿಕೊಂಡಿತ್ತು.

ಸಹಾಯವಾಣಿಗೆ ನಾನು ಬರೆದ ಮೊದಲ ಇಮೇಲ್ ಎರಡು ಸಾಲಿನದು: ಆ್ಯಪ್ ಹಿಂದಿಯಲ್ಲಿ ಬರುತ್ತಿದೆ, ದಯವಿಟ್ಟು ಕನ್ನಡ ಮಾಡಿಕೊಡಿ. ಅರ್ಧ ಗಂಟೆಯಲ್ಲಿ ಸಿದ್ಧ ಉತ್ತರ ಬಂತು. ಆ್ಯಪ್ ತೆಗೆದು ಮತ್ತೆ ಹಾಕಿ, ಸೆಟ್ಟಿಂಗ್‌ನಲ್ಲಿ ಭಾಷೆ ಬದಲಾಯಿಸಿ. ಅದನ್ನೆಲ್ಲ ಅಮ್ಮನ ಕೈಯಲ್ಲಿ ಮೊದಲೇ ಮಾಡಿಸಿ ನೋಡಿದ್ದೆ. ಹಾಗೆಂದು ಬರೆದಿರಲಿಲ್ಲ, ಅದು ನನ್ನ ತಪ್ಪು. ಆದರೆ ಒಬ್ಬ ರೋಗಿ ಗುಂಡಿ ಓದಲಾಗದೆ ಮಾತ್ರೆ ಕಳೆದುಕೊಳ್ಳುವುದನ್ನು ಸಹಾಯವಾಣಿಗಳು ‘ಭಾಷೆಯ ಆಯ್ಕೆ’ ಎಂಬ ಕಡತಕ್ಕೆ ಸೇರಿಸುವುದು ಅವರ ತಪ್ಪು. ಅದು ಆಯ್ಕೆಯಲ್ಲ, ದೋಷ. ದೋಷವೆಂದು ಅವರು ಒಪ್ಪಬೇಕಾದರೆ ನಮ್ಮ ಇಮೇಲ್ ಅದು ಎಲ್ಲಿ ಕೂತಿದೆ ಎಂದು ಹೇಳಬೇಕು.

ಭಾಷೆಯ ದೋಷ ಮೂರು ಕಡೆ ಕೂರಬಹುದು. ಒಂದು, ಫೋನಿನಲ್ಲಿ. ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ, ಫೋನಿಗೊಂದು ಭಾಷೆ ಇಟ್ಟು ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಕೊಡಬಹುದು. ಅಲ್ಲಿ ಯಾರೋ ಹಿಂದಿ ಒತ್ತಿದ್ದರೆ ಫೋನ್ ಕನ್ನಡದಲ್ಲಿದ್ದೂ ಆ್ಯಪ್ ಹಿಂದಿ ಮಾತಾಡುತ್ತದೆ. ಈ ಸೌಲಭ್ಯಕ್ಕೆ ಒಪ್ಪಿಕೊಂಡ ಆ್ಯಪ್‌ಗಳು ಮಾತ್ರ ಆ ಪಟ್ಟಿಯಲ್ಲಿ ಕಾಣುತ್ತವೆ. ಎರಡು, ಆ್ಯಪ್‌ನೊಳಗೆ. ಪ್ಲೇ ಸ್ಟೋರ್ ಎಷ್ಟೋ ಆ್ಯಪ್‌ಗಳ ಎಲ್ಲ ಭಾಷೆಗಳನ್ನೂ ಇಳಿಸುವುದಿಲ್ಲ, ಫೋನಿನ ಭಾಷಾಪಟ್ಟಿಯಲ್ಲಿ ಇರುವುದನ್ನಷ್ಟೇ ಇಳಿಸುತ್ತದೆ. ಕನ್ನಡದ ತುಣುಕೇ ಇಳಿದಿರದಿದ್ದರೆ ಕನ್ನಡ ಒತ್ತಿದರೂ ಬರುವುದಿಲ್ಲ. ತೆಗೆದು ಮತ್ತೆ ಹಾಕಿ ಅನ್ನುವ ಸಲಹೆ ಫಲಿಸುವುದು ಇಂಥ ಕಡೆ. ಮೂರನೆಯದು ನಮ್ಮ ಖಾತೆಯಲ್ಲಿ, ಅಂದರೆ ಕಂಪನಿಯ ಸರ್ವರ್‌ನಲ್ಲಿ ನಮ್ಮ ಹೆಸರಿನ ಮುಂದೆ ಬರೆದಿಟ್ಟಿರುವ ಭಾಷೆಯಲ್ಲಿ. ಅಲ್ಲಿ ತಪ್ಪಿದ್ದರೆ ಫೋನನ್ನೇ ಬದಲಾಯಿಸಿದರೂ ಪ್ರಯೋಜನವಿಲ್ಲ.

ಭಾನುವಾರ ಊರಿಗೆ ಹೋಗಿ ಅಮ್ಮನ ಪಕ್ಕ ಕೂತು ನೋಡಿದೆ. ಆ್ಯಪ್ ತೆಗೆದು ಮತ್ತೆ ಹಾಕಿದಾಗ ಮೊಬೈಲ್ ನಂಬರ್ ಕೇಳುವ ಪರದೆ ಚೊಕ್ಕ ಕನ್ನಡದಲ್ಲಿ ಬಂತು. ಒಟಿಪಿ ಹಾಕಿದ್ದೇ ತಡ, ಒಳಗಿನದೆಲ್ಲ ಹಿಂದಿ. ಸೆಟ್ಟಿಂಗ್‌ಗೆ ಹೋಗಿ ಕನ್ನಡ ಆರಿಸಿದೆ, ಪೂರ್ತಿ ಕನ್ನಡವಾಯಿತು. ಮುಚ್ಚಿ ತೆರೆದರೆ ಎರಡು ಸೆಕೆಂಡ್ ಕನ್ನಡ, ಆಮೇಲೆ ಕಣ್ಣೆದುರಿಗೇ ಹಿಂದಿಗೆ ಹೊರಳಿತು. ಅಮ್ಮ, ‘ನಾನು ಹೇಳಲಿಲ್ವಾ, ಅದೇ ಹಂಗೆ ಆಗೋದು’ ಅಂದರು. ಮೂರು ವಾರದಿಂದ ಅವರು ಹೇಳುತ್ತಿದ್ದದ್ದು ಇದನ್ನೇ. ಅವರು ಏನನ್ನೋ ಒತ್ತುತ್ತಿದ್ದಾರೆಂದು ನಾನು ತಿಳಿದಿದ್ದೆ.

ಆ ಎರಡು ಸೆಕೆಂಡೇ ಸುಳಿವು. ಕನ್ನಡದ ತುಣುಕು ಫೋನಿನಲ್ಲಿದೆ, ಇಲ್ಲದಿದ್ದರೆ ಅಷ್ಟೂ ಕಾಣುತ್ತಿರಲಿಲ್ಲ. ಇಂಟರ್ನೆಟ್ಟಿನಿಂದ ಖಾತೆಯ ವಿವರ ಬಂದೊಡನೆ ಅದರ ಮೇಲೆ ಹಿಂದಿ ಬಂದು ಕೂರುತ್ತಿದೆ. ಖಾತ್ರಿ ಮಾಡಿಕೊಳ್ಳಲು ಅಡ್ಡ ಪರೀಕ್ಷೆ ಮಾಡಿದೆ. ಅಮ್ಮನ ಫೋನಿನಲ್ಲಿ ನನ್ನ ಖಾತೆ ತೆರೆದೆ: ಕನ್ನಡ, ಮುಚ್ಚಿ ತೆರೆದರೂ ಕನ್ನಡ. ನನ್ನ ಫೋನಿನಲ್ಲಿ ಅಮ್ಮನ ಖಾತೆ ತೆರೆದೆ: ಹಿಂದಿ. ದೋಷ ಫೋನಿನ ಜೊತೆ ಉಳಿಯಲಿಲ್ಲ, ಖಾತೆಯ ಹಿಂದೆ ಬಂತು. ಆಗ ನೆನಪಾಯಿತು. ಅಮ್ಮ ನಾಗಪುರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಗ ಈ ಖಾತೆ ತೆರೆದದ್ದು ತಂಗಿಯ ಫೋನಿನಲ್ಲಿ. ಅವಳ ಫೋನ್ ಹಿಂದಿಯಲ್ಲಿದೆ.

ಎರಡನೇ ಇಮೇಲ್ ಹೀಗೆ ಬರೆದೆ:

‘ವಿಷಯ: ಕನ್ನಡ ಆರಿಸಿದರೂ ಲಾಗಿನ್ ಆದ ಮೇಲೆ ಆ್ಯಪ್ ಹಿಂದಿಗೆ ಮರಳುತ್ತಿದೆ (ಆಂಡ್ರಾಯ್ಡ್ 14, ಆ್ಯಪ್ ಆವೃತ್ತಿ 5.3.1)

ನನ್ನ ತಾಯಿಗೆ ಹಿಂದಿ ಓದಲು ಬರುವುದಿಲ್ಲ. ಗುಂಡಿ ಓದಲಾಗದೆ ಈ ತಿಂಗಳ ಮಾತ್ರೆಯ ಆರ್ಡರ್ ರದ್ದಾಗಿದೆ. ಫೋನಿನ ಭಾಷೆ ಕನ್ನಡ, ಪಟ್ಟಿಯಲ್ಲಿ ಎರಡನೆಯದು ಇಂಗ್ಲಿಷ್, ಹಿಂದಿ ಇಲ್ಲ. ಫೋನಿನ ‘ಆ್ಯಪ್ ಭಾಷೆಗಳು’ ಪಟ್ಟಿಯಲ್ಲಿ ನಿಮ್ಮ ಆ್ಯಪ್ ಕಾಣುವುದಿಲ್ಲ. ಆ್ಯಪ್‌ನಲ್ಲಿ ಕನ್ನಡ ಆರಿಸಿ, ಮುಚ್ಚಿ ತೆರೆದರೆ ಎರಡು ಸೆಕೆಂಡಿನಲ್ಲಿ ಹಿಂದಿಯಾಗುತ್ತದೆ; ಐದು ಸಲ ಮಾಡಿದಾಗಲೂ ಹೀಗೇ ಆಯಿತು. ತೆಗೆದು ಮತ್ತೆ ಹಾಕಿದ್ದೇವೆ, ಸ್ಟೋರೇಜ್ ಅಳಿಸಿದ್ದೇವೆ, ಬದಲಾಗಲಿಲ್ಲ. ಲಾಗಿನ್ ಪರದೆ ಕನ್ನಡದಲ್ಲೇ ಬರುತ್ತದೆ. ಇದೇ ಫೋನಿನಲ್ಲಿ ಬೇರೆ ಖಾತೆ ಕನ್ನಡದಲ್ಲಿ ನಿಲ್ಲುತ್ತದೆ. ಬೇರೆ ಫೋನಿನಲ್ಲಿ ಈ ಖಾತೆ ಹಿಂದಿಯಲ್ಲೇ ಬರುತ್ತದೆ. ಖಾತೆ ತೆರೆದದ್ದು ಹಿಂದಿಯಲ್ಲಿದ್ದ ಫೋನಿನಿಂದ. ಸರ್ವರ್‌ನಲ್ಲಿ ಈ ಖಾತೆಗೆ ಉಳಿದಿರುವ ಭಾಷೆಯನ್ನು ನೋಡಿ, ಕನ್ನಡಕ್ಕೆ ಬದಲಾಯಿಸಿ. ಇಪ್ಪತ್ತು ಸೆಕೆಂಡಿನ ಪರದೆ ವಿಡಿಯೊ ಲಗತ್ತಿಸಿದ್ದೇನೆ.’

ಇದರ ಕೆಳಗೆ ಫೋನಿನ ಕಂಪನಿ, ಪೂರ್ತಿ ಮಾದರಿ ಹೆಸರು, ನೋಂದಾಯಿತ ನಂಬರಿನ ಕೊನೆಯ ನಾಲ್ಕು ಅಂಕಿ. ಅಲ್ಲಿ ಕನ್ನಡ ಓದುವವರು ಇರುತ್ತಾರೋ ಇಲ್ಲವೋ ಎಂದು ಅದನ್ನೇ ಇಂಗ್ಲಿಷಿನಲ್ಲೂ ಬರೆದು ಸೇರಿಸಿದೆ. ಮಾತ್ರೆ ಅಮ್ಮನದು, ಕಾಯುವುದು ಅವರಿಗೆ ಕಷ್ಟ.

ಮಾದರಿ ಹೆಸರು, ಆಂಡ್ರಾಯ್ಡ್ ಆವೃತ್ತಿ ಸಿಗುವುದು ಸೆಟ್ಟಿಂಗ್‌ನ ‘ಫೋನ್ ಕುರಿತು’ ಎಂಬಲ್ಲಿ. ಆ್ಯಪ್ ಆವೃತ್ತಿ ಬೇಕಾದರೆ ಸೆಟ್ಟಿಂಗ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆ ಆ್ಯಪ್ ತೆರೆದು ಸಾಮಾನ್ಯವಾಗಿ ಕೆಳತುದಿ ನೋಡಬೇಕು. ‘ಹೊಸ ಆವೃತ್ತಿ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ, ಯಾಕೆಂದರೆ ಅವರು ಓದುವ ಹೊತ್ತಿಗೆ ಇನ್ನೊಂದು ಹೊಸದು ಬಂದಿರುತ್ತದೆ. ಫೋಟೊಗಿಂತ ವಿಡಿಯೊ ಕಳಿಸಿದ್ದಕ್ಕೂ ಕಾರಣವಿದೆ: ಹಿಂದಿ ಪರದೆಯ ಫೋಟೊ ನೋಡಿದವರಿಗೆ ನಾವೇ ಹಿಂದಿ ಆರಿಸಿದ ಹಾಗೆ ಕಾಣುತ್ತದೆ, ಹೊರಳುವ ಕ್ಷಣ ಕಾಣುವುದು ವಿಡಿಯೊದಲ್ಲಿ ಮಾತ್ರ. ವಿಡಿಯೊದಲ್ಲಿ ವಿಳಾಸವೂ ವೈದ್ಯರ ಚೀಟಿಯೂ ಬರುವ ಪುಟಗಳಿಗೆ ಹೋಗಲಿಲ್ಲ. ಐಎಂಇಐ ನಂಬರು ಬೇಕಿರಲಿಲ್ಲ, ಕೊಡಲಿಲ್ಲ. ಒಟಿಪಿಯನ್ನಂತೂ ಯಾವ ಸಹಾಯವಾಣಿಗೂ ಕೊಡಬಾರದು.

ಆ ಇಮೇಲಿನಲ್ಲಿ ಕೆಲಸ ಮಾಡಿದ್ದು ಅಡ್ಡ ಪರೀಕ್ಷೆಯ ಎರಡು ವಾಕ್ಯ ಎಂದೇ ನನಗನಿಸುತ್ತದೆ. ಮಾದರಿ ಹೆಸರು ಇಲ್ಲದಿದ್ದರೂ ಅವೆರಡರಿಂದಲೇ ದೋಷ ಎಲ್ಲಿದೆಯೆಂದು ತಿಳಿಯುತ್ತಿತ್ತು. ಎರಡನೇ ಫೋನ್ ಇಲ್ಲದವರು ಲಾಗಿನ್‌ಗೆ ಮುಂಚಿನ ಪರದೆ ಯಾವ ಭಾಷೆಯದು, ನಂತರದ್ದು ಯಾವುದು ಎಂದು ಬರೆದರೂ ಅರ್ಧ ದಾರಿ ಸವೆದಂತೆ.

ಮೂರನೇ ದಿನ ಒಬ್ಬರು ಫೋನ್ ಮಾಡಿದರು, ಕನ್ನಡದಲ್ಲೇ ಮಾತಾಡಿದರು. ಖಾತೆಯಲ್ಲಿ ಭಾಷೆಯ ಜಾಗದಲ್ಲಿ `hi` ಎಂದಿತ್ತಂತೆ, ಅದನ್ನು `kn` ಮಾಡಿದ್ದಾರೆ. ನಾವು ಆ್ಯಪ್‌ನಲ್ಲಿ ಕನ್ನಡ ಆರಿಸಿದಾಗಲೆಲ್ಲ ಅದು ಫೋನಿನಲ್ಲಷ್ಟೇ ಉಳಿಯುತ್ತಿತ್ತು, ಸರ್ವರ್‌ಗೆ ಹೋಗುತ್ತಿರಲಿಲ್ಲ. ಅಂದರೆ ಬೇರೆ ಭಾಷೆಯ ಫೋನಿನಲ್ಲಿ ಮಕ್ಕಳು ಖಾತೆ ತೆರೆದುಕೊಟ್ಟ ಎಲ್ಲ ಅಪ್ಪ ಅಮ್ಮಂದಿರಿಗೂ ಇದೇ ಗತಿ. ಅಮ್ಮನ ಖಾತೆಯೊಂದನ್ನು ಕೈಯಿಂದ ತಿದ್ದಿದರೆ ಸಾಲದು, ಆರಿಸಿದ ಭಾಷೆ ಸರ್ವರ್‌ಗೆ ಹೋಗುವಂತೆ ಮಾಡಿ ಎಂದೆ. ಜೊತೆಗೆ ಇನ್ನೊಂದು ಕೇಳಿದೆ: ಭಾಷೆಗಳ ಪಟ್ಟಿ ತೆರೆದರೆ ‘ಕನ್ನಡ’ ಎಂಬ ಹೆಸರೂ ದೇವನಾಗರಿಯಲ್ಲಿದೆ. ಆ ಲಿಪಿ ಓದಲು ಬಾರದವರು ತಮ್ಮ ಭಾಷೆಯನ್ನು ಅದರಲ್ಲಿ ಹುಡುಕುವುದು ಹೇಗೆ? ಪ್ರತಿ ಭಾಷೆಯ ಹೆಸರೂ ಅದರ ಲಿಪಿಯಲ್ಲೇ ಇರಲಿ ಎಂದೆ. ತಂತ್ರಜ್ಞರಿಗೆ ತಿಳಿಸುವುದಾಗಿ ಹೇಳಿದರು.

ಮಾತ್ರೆ ಮರುದಿನವೇ ಬಂತು. ಆ್ಯಪ್ ಹೊಸದಾದಾಗಲೆಲ್ಲ ಊರಿಗೆ ಫೋನ್ ಮಾಡಿ ಆ ಪಟ್ಟಿ ತೆರೆಯಲು ಹೇಳುತ್ತೇನೆ. ‘ನಮ್ಮಕ್ಷರ ಇನ್ನೂ ಬಂದಿಲ್ಲಪ್ಪ’ ಅನ್ನುತ್ತಾರೆ ಅಮ್ಮ. ಮೂರನೇ ಇಮೇಲ್ ಬರೆದಿಟ್ಟಿದ್ದೇನೆ.