ಪಾಕವಿಧಾನ ಬರೆಸಿದಾಗ ಅಂಕ ಯಾವುದಕ್ಕೆ?

ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಸಂಜೆ ಸ್ಪ್ಯಾನಿಷ್ ಸರ್ಟಿಫಿಕೇಟ್ ತರಗತಿಗೂ ಹೋಗುತ್ತೇನೆ. ಅಲ್ಲಿ 'ಮನೆಯಡುಗೆಯೊಂದರ ವಿಧಾನ ಬರೆಯಿರಿ' ಎಂಬ ಅಭ್ಯಾಸವಿದೆ. ಅದಕ್ಕೆ ಇಟ್ಟಿರುವ ಮೌಲ್ಯಮಾಪನ ನಿಯಮವೆಂದರೆ, ವಿಧ್ಯರ್ಥದಲ್ಲಿ ಬರೆದರೆ ಪೂರ್ಣಾಂಕ, ಇನ್ಫಿನಿಟಿವ್‌ನಲ್ಲಿ, ಅಂದರೆ ಕ್ರಿಯಾಪದದ ಮೂಲರೂಪದಲ್ಲಿ, ಬರೆದರೆ 'ವ್ಯಾಕರಣ ತಪ್ಪಿಸಿಕೊಂಡಿದ್ದಾರೆ' ಎಂದು ಕಡಿತ. ಈ ನಿಯಮ ತಪ್ಪು ಎಂಬುದು ನನ್ನ ವಾದ. ಸ್ಪ್ಯಾನಿಷ್ ಮಾತನಾಡುವವರು ಅಡುಗೆ ಬರೆಯುವಾಗ ಎರಡನ್ನೂ ಬಳಸುತ್ತಾರೆ. ಓದುವವರು ಯಾರೆಂದು ಗೊತ್ತಿಲ್ಲದ ಸೂಚನೆಗಳಲ್ಲಿ ಇನ್ಫಿನಿಟಿವ್ ಪೂರ್ತಿ ಒಪ್ಪಿತವಾದ ರೂಪ.

ಸ್ಪೇನಿನ ಮನೆಮನೆಯ ತಿನಿಸಾದ ತೋರ್ತಿಯಾ ದೆ ಪತಾತಾಸ್ ಅನ್ನೇ ತೆಗೆದುಕೊಳ್ಳೋಣ. ಅರ್ಧ ಕಿಲೋ ಆಲೂಗಡ್ಡೆ, 5 ಮೊಟ್ಟೆ, ಅರ್ಧ ಈರುಳ್ಳಿ, ಆಲಿವ್ ಎಣ್ಣೆ, ಚಿಟಿಕೆ ಉಪ್ಪು. (ಈರುಳ್ಳಿ ಹಾಕಬೇಕೋ ಬೇಡವೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.) ಅಳತೆಯಲ್ಲೇ ನಮ್ಮವರು ಮೊದಲು ಎಡವುತ್ತಾರೆ. ನಾವು 'ಒಂದು ಚಿಟಿಕೆ ಉಪ್ಪು' ಎಂದು ಪಕ್ಕಪಕ್ಕ ಇಟ್ಟರೆ ಸಾಕು. ಅಲ್ಲಿ ನಡುವೆ 'ದೆ' ಬೇಕು: 'ಊನಾ ಪೀಸ್ಕಾ ದೆ ಸಾಲ್'. ಅರ್ಧ ಕಿಲೋಗೆ 'ಮೇದಿಯೊ ಕೀಲೊ ದೆ ಪತಾತಾಸ್'. ಆದರೆ ಅರ್ಧ ಈರುಳ್ಳಿ 'ಮೇದಿಯಾ ಸೆಬೋಯಾ'. ಈರುಳ್ಳಿಯನ್ನೇ ಅರ್ಧ ಮಾಡಿರುವುದರಿಂದ 'ದೆ' ಇಲ್ಲ, ಪದ ಸ್ತ್ರೀಲಿಂಗವಾದ್ದರಿಂದ 'ಮೇದಿಯಾ'. ಈ ಎರಡರಲ್ಲೂ ಮುಂದೆ 'ಒಂದು' ಎಂಬರ್ಥದ ಪದ ಸೇರಿಸಬಾರದು.

ಕ್ರಿಯಾಪದಗಳಲ್ಲಿ ತೊಡಕು ಇನ್ನೂ ಆಳವಾದದ್ದು. ಇಲ್ಲಿ ಆಲೂಗಡ್ಡೆಯನ್ನು ನಾವಂದುಕೊಳ್ಳುವಂತೆ ಹುರಿಯುವುದೂ ಇಲ್ಲ, ಗರಿಗರಿಯಾಗಿ ಕರಿಯುವುದೂ ಇಲ್ಲ. ಧಾರಾಳ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ತಿರುಗದಂತೆ ಮೆತ್ತಗಾಗಿಸುತ್ತಾರೆ. ಅದಕ್ಕೆ 'ಪೊಚಾರ್' ಎನ್ನುತ್ತಾರೆ. ಮೊಟ್ಟೆ ಬಾಣಲೆಯಲ್ಲಿ ಗಟ್ಟಿಯಾಗುವುದು 'ಕ್ವಾಹಾರ್'. ಹಾಲು ಹೆಪ್ಪುಗಟ್ಟುವುದಕ್ಕೂ ಅದೇ ಪದ. ಇದನ್ನು ಕೇಳಿದ ಕನ್ನಡದ ವಿದ್ಯಾರ್ಥಿ ಮತ್ತೆ ಮರೆಯುವುದಿಲ್ಲ. ಹೊಸಬರ ಶ್ರಮ ಮೊದಲು ಇಂಥ ಪದದ ಆಯ್ಕೆಗೆ ಸಲ್ಲಬೇಕು, ಪ್ರತ್ಯಯಕ್ಕಲ್ಲ.

ಇನ್ನು ರೂಪದ ಮಾತು. ಕನ್ನಡದಲ್ಲಿ ನಾವು 'ಆಲೂಗಡ್ಡೆ ಸಿಪ್ಪೆ ತೆಗೆದು, ತೊಳೆದು, ಹೆಚ್ಚಿ, ಎಣ್ಣೆಗೆ ಹಾಕಿ' ಎಂದು ಬರೆಯುತ್ತೇವೆ. ವಿಧ್ಯರ್ಥ ಇರುವುದು ಕೊನೆಯ 'ಹಾಕಿ'ಯಲ್ಲಿ ಮಾತ್ರ. ಹಿಂದಿನವೆಲ್ಲ ಅದಕ್ಕೆ ಜೋತುಬಿದ್ದಿವೆ. ಸ್ಪ್ಯಾನಿಷ್ ಪಾಕವಿಧಾನ ಹೀಗೆ ಕೋದುಕೊಂಡು ಹೋಗುವುದಿಲ್ಲ. ಅಲ್ಲಿ ನಾಲ್ಕು ಕೆಲಸವಿದ್ದರೆ ನಾಲ್ಕೂ ಒಂದೇ ರೂಪದಲ್ಲಿ ನಿಲ್ಲುತ್ತವೆ. ಇನ್ಫಿನಿಟಿವ್‌ನಲ್ಲಿ 'ಪೆಲಾರ್, ಲವಾರ್, ಕೋರ್ತಾರ್' ಎಂದು ಸಾಲಾಗಿ ಬರೆದಾಗ ಈ ಸಮಾನತೆ ಕಣ್ಣಿಗೇ ಕಾಣುತ್ತದೆ.

ವಿಧ್ಯರ್ಥಕ್ಕೆ ಹೋದರೆ ಮೊದಲು ಓದುಗರು 'ನೀನೋ' 'ನೀವೋ' ಎಂದು ತೀರ್ಮಾನಿಸಬೇಕು. ನಮ್ಮ 'ಹಾಕಿ' ಗೌರವದ ರೂಪವಾದ್ದರಿಂದ ವಿದ್ಯಾರ್ಥಿ ತಾನಾಗಿ 'ನೀವು' ರೂಪದತ್ತ ವಾಲುತ್ತಾನೆ. ಗೆಳತಿಗೆ ಬರೆದುಕೊಡುವ ಮನೆಯಡುಗೆಗೆ ಸ್ಪೇನಿನಲ್ಲಿ ಸಹಜವಾದದ್ದು 'ನೀನು'. ಎರಡಕ್ಕೂ ವ್ಯತ್ಯಾಸ ಒಂದೇ ಸ್ವರ. ಸಿಪ್ಪೆ ತೆಗೆಯುವ 'ಪೆಲಾರ್' ನೀನು ರೂಪದಲ್ಲಿ 'ಪೇಲಾ', ನೀವು ರೂಪದಲ್ಲಿ 'ಪೇಲೆ'. ಮೊಟ್ಟೆ ಕಡೆಯುವ 'ಬತೀರ್' ಇದಕ್ಕೆ ತಿರುಗುಮುರುಗು: ನೀನು 'ಬಾತೆ', ನೀವು 'ಬಾತಾ'. ಹಾಗಾಗಿ ಎರಡಕ್ಕೂ ಕೊನೆಯಲ್ಲಿ 'ಆ' ಹಾಕಿ 'ಪೇಲಾ... ಬಾತಾ' ಎಂದು ಬರೆದವರು ಒಂದೇ ಅಡುಗೆಯಲ್ಲಿ ಆಲೂಗಡ್ಡೆಗೆ ಏಕವಚನ, ಮೊಟ್ಟೆಗೆ ಬಹುವಚನ ಹಚ್ಚಿದಂತಾಯಿತು. ಪ್ರಾಸ ಚೆನ್ನಾಗಿದೆ, ಆದ್ದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತಿದ್ದುವವರು ಪ್ರತಿ ಪದದ ಕೊನೆಯ ಸ್ವರವನ್ನು ಮೂಲರೂಪದ ಪಕ್ಕ ಇಟ್ಟು ನೋಡಬೇಕು.

ನಿಷೇಧ ಬಂದಾಗ ಇನ್ನೊಂದು ತಿರುವು. 'ಅತಿಯಾಗಿ ಕಡೆಯಬೇಡ' ಎನ್ನಲು ನೀನು ರೂಪವೂ ಸ್ವರ ಬದಲಿಸಿ 'ನೋ ಬಾತಾಸ್' ಆಗುತ್ತದೆ. ಇನ್ಫಿನಿಟಿವ್‌ನಲ್ಲಿ 'ನೋ ಬತೀರ್', ಅಷ್ಟೇ. 'ಅವುಗಳನ್ನು' ಎಂಬ ಸರ್ವನಾಮವನ್ನು ಬಾಲಕ್ಕೆ ಅಂಟಿಸಿದಾಗಲೂ 'ಬತೀರ್‌ಲೋಸ್'ಗೆ ಒತ್ತುಗುರುತು ಬೇಡ. 'ಬಾತೆಲೋಸ್' ಎಂದರೆ ಮೊದಲ ಸ್ವರದ ಮೇಲೆ ಗುರುತು ಕಡ್ಡಾಯ.

ಇಷ್ಟೆಲ್ಲ ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ವಿಧ್ಯರ್ಥ ಬಾರದಿದ್ದರೆ ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತವರಿಗೆ ಒಂದು ಮಾತೂ ಹೇಳಲಾಗದು. ಆದರೆ ಅದು ಎರಡನೆಯ ಅವಧಿಯ ಕೆಲಸ. ಮೊದಲ ಅವಧಿಯಲ್ಲಿ ತೋರ್ತಿಯಾವನ್ನು ಇನ್ಫಿನಿಟಿವ್‌ನಲ್ಲಿ ಬರೆಸಿ, ಅಳತೆ ಮತ್ತು ಕ್ರಿಯಾಪದಗಳನ್ನು ತಿದ್ದಿ. ಎರಡನೆಯದರಲ್ಲಿ 'ಇದನ್ನೇ ನಿನ್ನ ಗೆಳತಿಗೆ ಹೇಳು' ಎಂದು ಇಡೀ ಬರಹವನ್ನು ನೀನು ರೂಪಕ್ಕೆ ತಿರುಗಿಸಲು ಹೇಳಿ. 10 ಅಂಕವಿದ್ದರೆ 4 ಸರಿಯಾದ ಕ್ರಿಯಾಪದಕ್ಕೆ, 3 ಅಳತೆಗೆ, ಉಳಿದ 3 ಆರಿಸಿಕೊಂಡ ರೂಪ ಮೊದಲಿನಿಂದ ಕೊನೆಯವರೆಗೆ ಬದಲಾಗದೆ ನಿಂತಿದ್ದಕ್ಕೆ. ಯಾವ ರೂಪ ಆರಿಸಿದರು ಎಂಬುದಕ್ಕೆ ಅಂಕವೂ ಬೇಡ, ಕಡಿತವೂ ಬೇಡ.